ಶಿಕ್ಷಣ ಸಾಲದ ಸ್ಟೇಟ್‌ಮೆಂಟ್: ಬಡ್ಡಿ ಅಸಲಿಗೆ ಸೇರುವ ಆ ಒಂದು ದಿನ

"ನಾಲ್ಕು ಲಕ್ಷ ತೊಗೊಂಡಿದ್ವಿ, ಈಗ ಐದೂವರೆ ಲಕ್ಷ ಅಂತಿದಾರೆ." ಮಗನೋ ಮಗಳೋ ಎಂಜಿನಿಯರಿಂಗ್ ಮುಗಿಸಿ ಮೊದಲ ಇಎಂಐ ಸಂದೇಶ ಮೊಬೈಲಿಗೆ ಬಂದ ದಿನ ಅನೇಕ ಮನೆಗಳಲ್ಲಿ ಈ ಮಾತು ಏಳುತ್ತದೆ. ಓದುವಷ್ಟು ಕಾಲ ಕಟ್ಟುವುದೇನೂ ಇಲ್ಲ ಎಂದು ಸಾಲದ ಖಾತೆಯ ಕಡೆ ಯಾರೂ ನೋಡಿರುವುದಿಲ್ಲ. ಐದು ವರ್ಷದ ಬಡ್ಡಿ ಒಟ್ಟಿಗೆ ಕಣ್ಣಿಗೆ ಬಿದ್ದಾಗ ಬ್ಯಾಂಕು ಮೋಸ ಮಾಡಿದೆ ಎಂದು ಕೆಲವರು ಸಿಟ್ಟಾಗುತ್ತಾರೆ. ಬ್ಯಾಂಕಿನವರು ಹೇಳಿದ ಮೇಲೆ ಸರಿಯೇ ಇರಬೇಕು ಎಂದು ಉಳಿದವರು ಸುಮ್ಮನಾಗುತ್ತಾರೆ. ಈ ಎರಡರಲ್ಲಿ ಯಾವುದಕ್ಕೂ ಹೋಗುವ ಮೊದಲು ಒಂದು ಮಧ್ಯಾಹ್ನ ಕೂತು ಸ್ಟೇಟ್‌ಮೆಂಟನ್ನು ಓದಬೇಕು. ಆ ಏರಿಕೆಯಲ್ಲಿ ಸರಿಯಾದ ಭಾಗ ಎಷ್ಟು, ತಪ್ಪಿರಬಹುದಾದ ಭಾಗ ಎಷ್ಟು ಎಂದು ಕಾಗದದ ಮೇಲೆಯೇ ಬೇರ್ಪಡಿಸಲು ಬರುತ್ತದೆ.

ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲಕ್ಕೆ ಬಹುಮಟ್ಟಿಗೆ ಭಾರತೀಯ ಬ್ಯಾಂಕುಗಳ ಸಂಘದ (ಐಬಿಎ) ಮಾದರಿ ಯೋಜನೆಯೇ ತಳಹದಿ. ಅದರ ಪ್ರಕಾರ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಮೊರಟೋರಿಯಂ, ಅಂದರೆ ಕಂತು ಕಟ್ಟಬೇಕಿಲ್ಲದ ಕಾಲ. ಮರುಪಾವತಿ ಶುರುವಾಗುವ ತನಕ ಸರಳಬಡ್ಡಿ. ಆ ಬಡ್ಡಿಯನ್ನು ಆಗಾಗಲೇ ಕಟ್ಟುವುದು ಬಿಡುವುದು ವಿದ್ಯಾರ್ಥಿಯ ಇಷ್ಟ. ಕಟ್ಟದೆ ಉಳಿದ ಬಡ್ಡಿಯನ್ನು ಇಎಂಐ ನಿಗದಿ ಮಾಡುವಾಗ ಅಸಲಿಗೆ ಸೇರಿಸುತ್ತಾರೆ. ಇದಕ್ಕೆ ಬ್ಯಾಂಕಿನವರು ಕ್ಯಾಪಿಟಲೈಸೇಷನ್ ಎನ್ನುತ್ತಾರೆ. ಹೀಗೆ ಸೇರಿಸುವುದು ಒಂದೇ ಒಂದು ಸಲ, ಮೊರಟೋರಿಯಂ ಮುಗಿದಾಗ. ಆ ದಿನದ ಹಿಂದೆ ಬಡ್ಡಿಗೆ ಬಡ್ಡಿ ಇಲ್ಲ. ಆ ದಿನದ ನಂತರ ಸೇರಿದ ಬಡ್ಡಿಯೂ ಅಸಲೇ ಆಗಿ, ಅದರ ಮೇಲೂ ಬಡ್ಡಿ ಓಡುತ್ತದೆ. ಆದ್ದರಿಂದ ಇಡೀ ಸ್ಟೇಟ್‌ಮೆಂಟಿನ ಕೀಲಿ ಆ ಒಂದು ತಾರೀಕು. ಅದು ತಪ್ಪಾದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಮೊದಲು ಕಾಗದಗಳು

ಶಾಖೆಗೆ ಹೋಗಿ ಬರೀ "ಸ್ಟೇಟ್‌ಮೆಂಟ್ ಕೊಡಿ" ಎಂದರೆ ಕಳೆದ ಆರು ತಿಂಗಳಿನದೋ ಒಂದು ವರ್ಷದ್ದೋ ಕೈಗೆ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಮೊದಲ ಹಣ ಬಿಡುಗಡೆಯಾದ ದಿನದಿಂದ ಇಂದಿನವರೆಗಿನ ಪೂರ್ತಿ ಸಾಲದ ಖಾತೆಯ ಸ್ಟೇಟ್‌ಮೆಂಟ್ ಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಜೊತೆಗೆ ಮರುಪಾವತಿ ವೇಳಾಪಟ್ಟಿಯನ್ನು, ಅಂದರೆ ಯಾವ ತಿಂಗಳಿಂದ ಎಷ್ಟು ಕಂತು, ಅದರಲ್ಲಿ ಅಸಲು ಎಷ್ಟು ಬಡ್ಡಿ ಎಷ್ಟು ಎಂಬ ಪಟ್ಟಿಯನ್ನು ಕೇಳಿ. ಮೂರನೆಯದು ಮನೆಯ ಫೈಲಿನಲ್ಲೇ ಇರುವ ಮಂಜೂರಾತಿ ಪತ್ರ. ಇದೇ ನಿಮ್ಮ ಒಪ್ಪಂದ, ವಾದ ಬಂದಾಗ ಗೆಲ್ಲುವುದು ಇದರ ಮಾತು. ಕಳೆದುಹೋಗಿದ್ದರೆ ಬ್ಯಾಂಕಿನಿಂದ ನಕಲು ಪಡೆಯಿರಿ. 2024ರ ಅಕ್ಟೋಬರ್ 1ರ ನಂತರ ಮಂಜೂರಾದ ಸಾಲವಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಮುಖ್ಯ ಅಂಶಗಳ ಹೇಳಿಕೆ (ಕೆಎಫ್‌ಎಸ್) ಎಂಬ ಕಾಗದವನ್ನೂ ಕೊಟ್ಟಿರಬೇಕು. ಬಡ್ಡಿ, ಶುಲ್ಕ, ಕಂತುಗಳ ವಿವರ ಅದರಲ್ಲಿ ಒಂದೇ ಕಡೆ ಸಿಗುತ್ತದೆ.

ಮಂಜೂರಾತಿ ಪತ್ರದಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಬೇಕಾದ ಸಾಲುಗಳು ನಾಲ್ಕು. ಕೋರ್ಸಿನ ಅವಧಿ ಎಷ್ಟೆಂದು ಬರೆದಿದ್ದಾರೆ. ಅದರ ನಂತರದ ರಜಾ ಅವಧಿ ಒಂದು ವರ್ಷವೋ ಆರು ತಿಂಗಳೋ. ಮೊರಟೋರಿಯಂ ಕಾಲದ ಬಡ್ಡಿ ಸರಳವೋ ಅಲ್ಲವೋ. ಬಡ್ಡಿ ದರ ಸ್ಥಿರವೋ ಬದಲಾಗುವಂಥದ್ದೋ. ಹಳೆಯ ಸಾಲಗಳಲ್ಲಿ "ಕೋರ್ಸ್ ಮುಗಿದು ಒಂದು ವರ್ಷ ಅಥವಾ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಅದು" ಎಂಬ ಷರತ್ತು ಇರುತ್ತದೆ. ಅಂಥ ಸಾಲದವರು ಒಂದು ವರ್ಷ ಇದೆಯೆಂದು ನಂಬಿ ಕೂರುವಂತಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ

ತಿಪಟೂರಿನ ಒಬ್ಬ ಹುಡುಗಿ ನಾಲ್ಕು ವರ್ಷದ ಬಿ.ಇ.ಗೆ ನಾಲ್ಕು ಲಕ್ಷ ಸಾಲ ಪಡೆದಳು ಎಂದುಕೊಳ್ಳಿ. ಬ್ಯಾಂಕು ವರ್ಷಕ್ಕೆ ಒಂದು ಲಕ್ಷದಂತೆ 2021, 2022, 2023, 2024ರ ಆಗಸ್ಟ್ 1ರಂದು ಕಾಲೇಜಿಗೆ ನೇರ ಕಳಿಸಿತು. ಕೋರ್ಸ್ ಮುಗಿದದ್ದು 2025ರ ಜುಲೈ 31ಕ್ಕೆ. ಮಂಜೂರಾತಿ ಪತ್ರದಲ್ಲಿ ಕೋರ್ಸಿನ ಮೇಲೆ ಒಂದು ವರ್ಷ ಎಂದಿದೆ. ಹಾಗಾಗಿ ಮೊರಟೋರಿಯಂ 2026ರ ಜುಲೈ 31ಕ್ಕೆ ಮುಗಿಯುತ್ತದೆ, ಮೊದಲ ಕಂತು ಆಗಸ್ಟ್ 2026ರದ್ದು. ಲೆಕ್ಕ ಸುಲಭವಾಗಲೆಂದು ಬಡ್ಡಿ ದರ ಉದ್ದಕ್ಕೂ ಶೇ 9 ಎಂದು ಇಟ್ಟುಕೊಳ್ಳೋಣ.

ಬಡ್ಡಿ ಎಣಿಸುವುದು ಸಾಲ ಮಂಜೂರಾದ ದಿನದಿಂದಲ್ಲ, ಪ್ರತಿ ಕಂತಿನ ಹಣ ಬ್ಯಾಂಕಿನಿಂದ ಹೊರಟ ದಿನದಿಂದ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಟ್ಟು ಹದಿನಾಲ್ಕು. ಒಂದು ಲಕ್ಷಕ್ಕೆ ವರ್ಷಕ್ಕೆ 9,000 ರೂಪಾಯಿ, ಹದಿನಾಲ್ಕಕ್ಕೆ 1,26,000. 2024 ಅಧಿಕ ವರ್ಷವಾದ್ದರಿಂದ ಎಪ್ಪತ್ತು ಎಂಬತ್ತು ರೂಪಾಯಿ ಹೆಚ್ಚು ಬಂದರೆ ಅದು ತಪ್ಪಲ್ಲ. ಮಧ್ಯೆ ಏನೂ ಕಟ್ಟದಿದ್ದರೆ 2026ರ ಜುಲೈ 31ಕ್ಕೆ ಖಾತೆಯಲ್ಲಿ ಇರಬೇಕಾದದ್ದು ಸುಮಾರು 5,26,000.

ಅಂದರೆ ನಾಲ್ಕು ಲಕ್ಷ ಐದೂಕಾಲು ಲಕ್ಷ ಆಗುವುದು ನ್ಯಾಯವೇ. ಆದರೆ ಇದೇ ಖಾತೆಯಲ್ಲಿ ಪ್ರತಿ ತಿಂಗಳ ಬಡ್ಡಿಯನ್ನು ಆ ತಿಂಗಳೇ ಅಸಲಿಗೆ ಸೇರಿಸುತ್ತಾ ಬಂದಿದ್ದರೆ ಮೊತ್ತ 5,50,200ರ ಆಸುಪಾಸಿಗೆ ಬರುತ್ತದೆ. ಸುಮಾರು 24,200 ರೂಪಾಯಿ ಹೆಚ್ಚು. ಹತ್ತು ವರ್ಷದ ಮರುಪಾವತಿಯಾದರೆ 5,26,000ಕ್ಕೆ ಇಎಂಐ 6,663 ಆಗಬೇಕಿತ್ತು, 5,50,200ಕ್ಕೆ ಅದು 6,970 ಆಗುತ್ತದೆ. ತಿಂಗಳಿಗೆ ಮುನ್ನೂರು ಚಿಲ್ಲರೆ ರೂಪಾಯಿಯ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ, ಆದರೆ 120 ಕಂತು ಮುಗಿಯುವಷ್ಟರಲ್ಲಿ ಅದು 36,000 ದಾಟಿರುತ್ತದೆ. ಹಾಗಾಗಿಯೇ ಮೊದಲ ಕಂತಿಗೆ ಮುಂಚೆ ಈ ಲೆಕ್ಕ ಮಾಡಬೇಕೆಂದು ನಾನು ಒತ್ತಿ ಹೇಳುವುದು.

ಚಕ್ರಬಡ್ಡಿ ಹಾಕಿದ್ದಾರೆಯೇ ಎಂದು ತಿಳಿಯುವ ಬಗೆ

ಇಲ್ಲಿ ಬಹಳ ಜನ ಎಡವುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಪ್ರತಿ ತಿಂಗಳ ಕೊನೆಗೆ ಬಡ್ಡಿ ಖರ್ಚು ಬಿದ್ದು ಬ್ಯಾಲೆನ್ಸ್ ಏರುತ್ತಾ ಹೋಗುವುದನ್ನು ಕಂಡು "ಬಡ್ಡಿಯನ್ನ ಅಸಲಿಗೆ ಸೇರಿಸ್ತಾ ಇದಾರೆ" ಎಂದು ತೀರ್ಮಾನಿಸುತ್ತಾರೆ. ಬ್ಯಾಲೆನ್ಸ್ ಏರಿದ ಮಾತ್ರಕ್ಕೆ ಹಾಗಾಗುವುದಿಲ್ಲ. ಎಷ್ಟೋ ಖಾತೆಗಳಲ್ಲಿ ಬಡ್ಡಿಯನ್ನು ತಿಂಗಳು ತಿಂಗಳು ಖರ್ಚು ಹಾಕಿದರೂ ಗಣಕದೊಳಗೆ ಅದನ್ನು ಅಸಲಿನಿಂದ ಬೇರೆಯಾಗಿಯೇ ಇಟ್ಟು, ಮುಂದಿನ ತಿಂಗಳ ಬಡ್ಡಿಯನ್ನು ಅಸಲಿನ ಮೇಲೆ ಮಾತ್ರ ಎಣಿಸುತ್ತಾರೆ. ನಿಮಗೆ ಸಿಗುವ ಮುದ್ರಿತ ಹಾಳೆಯಲ್ಲಿ ಎರಡೂ ಒಂದೇ ಅಂಕಣದಲ್ಲಿ ಕೂಡಿ ಕಾಣುತ್ತವೆ, ಅಷ್ಟೆ.

ಹಾಗಾಗಿ ನೋಡಬೇಕಾದದ್ದು ಪ್ರತಿ ತಿಂಗಳು ಬಿದ್ದ ಬಡ್ಡಿಯ ಮೊತ್ತವನ್ನು. ಒಂದು ತಿಂಗಳ ಬಡ್ಡಿಯನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಹೀಗೆ ತೆಗೆಯಬಹುದು:

```
ಬಿಡುಗಡೆಯಾದ ಅಸಲು × ಬಡ್ಡಿ ದರ × ದಿನಗಳು ÷ 36500
```

ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷ ಅಸಲು ಒಂದು ಲಕ್ಷ. 31 ದಿನದ ತಿಂಗಳಿಗೆ 764 ರೂಪಾಯಿ, 30 ದಿನದ್ದಕ್ಕೆ 740, ಫೆಬ್ರವರಿಗೆ 690. ಸರಳಬಡ್ಡಿಯಾದರೆ ಇಡೀ ವರ್ಷ ಈ ಮೂರೇ ಅಂಕಿ ಬರುತ್ತಿರಬೇಕು. ಈಗ ಒಂದೇ ವರ್ಷದ, ಅಷ್ಟೇ ದಿನಗಳಿರುವ ಎರಡು ತಿಂಗಳು ಆರಿಸಿ: 2021ರ ಆಗಸ್ಟ್ ಮತ್ತು 2022ರ ಜುಲೈ. ಎರಡಕ್ಕೂ 31 ದಿನ, ಎರಡರ ನಡುವೆ ಹೊಸ ಹಣ ಬಿಡುಗಡೆಯಾಗಿಲ್ಲ. ಎರಡರಲ್ಲೂ 764 ಇದ್ದರೆ ಸರಳಬಡ್ಡಿ ಸರಿಯಾಗಿ ನಡೆದಿದೆ. ಆಗಸ್ಟಿನಲ್ಲಿ 764 ಇದ್ದದ್ದು ಜುಲೈನಲ್ಲಿ 830ರ ಹತ್ತಿರ ಬಂದಿದ್ದರೆ ಬಡ್ಡಿಗೆ ಬಡ್ಡಿ ಓಡುತ್ತಿದೆ. ವರ್ಷ ಪೂರ್ತಿ ಒಂದೇ ಸಮ ಇದ್ದು ಏಪ್ರಿಲ್‌ನಲ್ಲಿ ಒಮ್ಮೆಗೇ ಜಿಗಿದಿದ್ದರೆ ಮಾರ್ಚ್ 31ಕ್ಕೆ ವರ್ಷದ ಬಡ್ಡಿಯನ್ನು ಅಸಲಿಗೆ ಸೇರಿಸಿರುವ ಸಾಧ್ಯತೆ ಹೆಚ್ಚು. ಹೊಸ ಕಂತು ಬಿಡುಗಡೆಯಾದ ತಿಂಗಳಲ್ಲಿ ಬಡ್ಡಿ ಏರುವುದು ಸಹಜ. ಒಂದು ಲಕ್ಷ ಸೇರಿದಾಗ ಅದು 764ರಿಂದ 1,529 ಆಗಬೇಕು, ಅದಕ್ಕಿಂತ ಹೆಚ್ಚಲ್ಲ.

ಈ ಪರೀಕ್ಷೆಗೆ ಒಂದು ಎಚ್ಚರ ಬೇಕು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಚಿಲ್ಲರೆ ಸಾಲಗಳು ರೆಪೋ ದರದಂಥ ಹೊರಗಿನ ಮಾನದಂಡಕ್ಕೆ ಕಟ್ಟಿಕೊಂಡಿವೆ, ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕಾರವಾಗುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೋ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು. ಆ ಕಾಲದಲ್ಲಿ ಓದುತ್ತಿದ್ದವರ ಬಡ್ಡಿ ತಿಂಗಳಿಂದ ತಿಂಗಳಿಗೆ ಏರಿರುತ್ತದೆ, ಅದು ಚಕ್ರಬಡ್ಡಿಯಲ್ಲ. ಆದ್ದರಿಂದ ಯಾವ ದಿನದಿಂದ ಯಾವ ದರ ಎಂಬ ಪಟ್ಟಿಯನ್ನೂ ಬ್ಯಾಂಕಿನಿಂದ ಪಡೆದು, ಮೇಲಿನ ಸೂತ್ರದಲ್ಲಿ ಆಯಾ ತಿಂಗಳ ದರವನ್ನೇ ಹಾಕಬೇಕು. ದರ ಬದಲಾಗದೆ ಉಳಿದ ನಾಲ್ಕೈದು ತಿಂಗಳ ಒಂದು ಗುಂಪು ಸಿಕ್ಕರೆ ಪರೀಕ್ಷೆಗೆ ಅದೇ ಸಾಕು.

ಖಾಸಗಿ ಹಣಕಾಸು ಕಂಪನಿಗಳಿಂದ, ಮುಖ್ಯವಾಗಿ ವಿದೇಶದ ಓದಿಗೆ, ಸಾಲ ತಂದವರಿಗೆ ಇದೇ ಅಳತೆ ಹೊಂದುವುದಿಲ್ಲ. ಅವರಲ್ಲಿ ಐಬಿಎ ಮಾದರಿಯನ್ನು ಅನುಸರಿಸದವರು ಇದ್ದಾರೆ. ಮೊದಲ ತಿಂಗಳಿಂದಲೇ ಬಡ್ಡಿಯ ಒಂದು ಭಾಗ ಕಟ್ಟಬೇಕೆಂದೂ, ಕಟ್ಟದೆ ಉಳಿದ ಭಾಗ ಆಗಾಗ ಅಸಲಿಗೆ ಸೇರುತ್ತದೆಂದೂ ಒಪ್ಪಂದದಲ್ಲೇ ಬರೆದಿದ್ದರೆ ಚಕ್ರಬಡ್ಡಿಯನ್ನು ತಪ್ಪು ಎನ್ನಲಾಗದು. ಅಲ್ಲಿ ಲೆಕ್ಕವನ್ನು ಒಪ್ಪಂದದ ಮಾತಿಗೆ ಹೋಲಿಸಿ ನೋಡಬೇಕು.

ತಾರೀಕು ತಪ್ಪುವುದು ಎಲ್ಲಿ

ಸಾಲದ ಖಾತೆ ತೆರೆಯುವಾಗ ಶಾಖೆಯವರು ಗಣಕದಲ್ಲಿ ಮೊರಟೋರಿಯಂ ಎಷ್ಟು ತಿಂಗಳು ಎಂದು ಒಂದು ಅಂಕಿ ತುಂಬುತ್ತಾರೆ. ಆ ಅಂಕಿಯ ಮೇಲೆ ಮೊದಲ ಕಂತಿನ ದಿನ ತಾನಾಗಿ ನಿಲ್ಲುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 60 ಆಗಬೇಕು. ಕೋರ್ಸಿನ ನಾಲ್ಕು ವರ್ಷವನ್ನು ಮಾತ್ರ ಲೆಕ್ಕಕ್ಕೆ ಹಿಡಿದು 48 ಎಂದು ತುಂಬಿದ್ದರೆ ಕಂತು 2025ರ ಆಗಸ್ಟಿನಲ್ಲೇ ಶುರುವಾಗುತ್ತದೆ. ಐದು ವರ್ಷದ ವಾಸ್ತುಶಿಲ್ಪ ಅಥವಾ ಕಾನೂನು ಪದವಿಯನ್ನು ನಾಲ್ಕು ವರ್ಷ ಎಂದು ದಾಖಲಿಸಿದರೂ ಇದೇ ಗತಿ. ಎರಡನೇ ವರ್ಷದಲ್ಲಿ ಸಾಲ ತೆಗೆದವರ ಖಾತೆಯಲ್ಲಿ ಮೊದಲ ಹಣ ಬಿಡುಗಡೆಯಿಂದ ಪೂರ್ತಿ 60 ತಿಂಗಳು ಎಣಿಸಿದ್ದರೆ ತಾರೀಕು ಹಿಂದಕ್ಕೆ ಬರುವ ಬದಲು ಮುಂದಕ್ಕೆ ಹೋಗಿರುತ್ತದೆ. ಅದನ್ನು ಕಂಡು ಖುಷಿಪಡಬೇಡಿ, ಆ ಹೆಚ್ಚುವರಿ ತಿಂಗಳುಗಳಿಗೂ ಬಡ್ಡಿ ಬೆಳೆಯುತ್ತಿರುತ್ತದೆ.

ತಾರೀಕು ಒಂದು ವರ್ಷ ಮೊದಲೇ ಬಂದರೆ ಎರಡು ಕಡೆ ಹೊಡೆತ. ಒಂದು, 2025ರ ಜುಲೈ 31ಕ್ಕೆ ಆದ 90,000 ರೂಪಾಯಿ ಬಡ್ಡಿ ಆಗಲೇ ಅಸಲಿಗೆ ಸೇರಿಬಿಡುತ್ತದೆ. ಒಂದು ವರ್ಷ ಕಾಲ ಈ 90,000ದ ಮೇಲೂ ಬಡ್ಡಿ ಬಿದ್ದರೆ ಸುಮಾರು 8,100 ರೂಪಾಯಿ, ಕೊಡಬೇಕಿಲ್ಲದ ಹಣ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಕೆಲಸ ಹುಡುಕುತ್ತಿರುವ ಹುಡುಗಿ ಮೊರಟೋರಿಯಂ ಇದೆಯೆಂದು ನಂಬಿ ಕಂತು ಕಟ್ಟಿರುವುದಿಲ್ಲ. ಗಣಕ ಅವಳನ್ನು ಬಾಕಿದಾರಳೆಂದು ಗುರುತಿಸುತ್ತದೆ, 90 ದಿನ ದಾಟಿದರೆ ಖಾತೆ ಎನ್‌ಪಿಎ ಆಗುತ್ತದೆ, ಅವಳ ಮತ್ತು ಸಹ-ಸಾಲಗಾರರಾದ ಅಪ್ಪನ ಇಬ್ಬರ ಸಿಬಿಲ್ ವರದಿಗೂ ಅದು ಹೋಗುತ್ತದೆ.

ಇದನ್ನು ಬೇಗ ಕಂಡುಹಿಡಿಯುವುದು ಕಷ್ಟವಲ್ಲ. ಕೊನೆಯ ವರ್ಷದ ಶುಲ್ಕದ ಹಣ ಬಿಡುಗಡೆಯಾದ ಕೂಡಲೇ ಮರುಪಾವತಿ ವೇಳಾಪಟ್ಟಿಯ ಮೊದಲ ಸಾಲನ್ನು ನೋಡಿ. ಅಲ್ಲಿನ ತಿಂಗಳು ಮಂಜೂರಾತಿ ಪತ್ರದ ಲೆಕ್ಕಕ್ಕೆ ಹೊಂದದಿದ್ದರೆ ಆಗಲೇ ಸರಿಪಡಿಸಲು ಕೇಳಬೇಕು. ಖಾತೆ ಎನ್‌ಪಿಎ ಆದ ಮೇಲೆ ಅದೇ ಕೆಲಸ ಹತ್ತು ಪಟ್ಟು ಕಷ್ಟ. ಕೋರ್ಸ್ ಮುಗಿದಾಗ ಕಾಲೇಜಿನಿಂದ ಕೋರ್ಸ್ ಮುಗಿಸಿದ ಪ್ರಮಾಣಪತ್ರ ಪಡೆದು ಶಾಖೆಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅನಾರೋಗ್ಯದಿಂದಲೋ ಪರೀಕ್ಷೆ ಉಳಿದದ್ದರಿಂದಲೋ ಕೋರ್ಸ್ ಮುಂದಕ್ಕೆ ಹೋಗಿದ್ದರೆ ಮಾದರಿ ಯೋಜನೆಯಲ್ಲಿ ಗರಿಷ್ಠ ಎರಡು ವರ್ಷದವರೆಗೆ ವಿಸ್ತರಣೆಗೆ ಅವಕಾಶ ಇದೆ. ಆದರೆ ಅದು ತಾನಾಗಿ ಸಿಗುವುದಿಲ್ಲ. ಹಳೆಯ ತಾರೀಕು ಬರುವ ಮುಂಚೆಯೇ ಕಾಲೇಜಿನ ಪತ್ರದೊಂದಿಗೆ ಅರ್ಜಿ ಕೊಟ್ಟಿರಬೇಕು.

ಸಬ್ಸಿಡಿ ಜಮಾ ಆಗಿದೆಯೇ

ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದಿದವರು ಸ್ಟೇಟ್‌ಮೆಂಟಿನ ಜಮಾ ಅಂಕಣವನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. 2009-10ನೇ ಸಾಲಿನಿಂದ ಜಾರಿಗೆ ಬಂದ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಅರ್ಹರಾದವರ ಮೊರಟೋರಿಯಂ ಕಾಲದ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಇಡೀ ದೇಶಕ್ಕೆ ಇದರ ನೋಡಲ್ ಬ್ಯಾಂಕು ನಮ್ಮ ಕೆನರಾ ಬ್ಯಾಂಕು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ, ಎಂಟು ಲಕ್ಷದವರೆಗೆ ಆದಾಯವಿದ್ದರೂ, ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯಧನ ಇದೆ.

ಈ ಹಣ ಖಾತೆಗೆ ತಡವಾಗಿ ಬರುವುದುಂಟು. ಬಡ್ಡಿ ಅಸಲಿಗೆ ಸೇರಿ, ಇಎಂಐ ನಿಗದಿಯಾದ ಮೇಲೆ ಸಬ್ಸಿಡಿ ಜಮಾ ಆದರೆ ಕಂತಿನ ಮೊತ್ತ ತಾನಾಗಿ ಇಳಿಯುತ್ತದೆಂದು ನಂಬಬೇಡಿ. ಕಂತನ್ನು ಮರುನಿಗದಿ ಮಾಡಿ ಎಂದು ಲಿಖಿತವಾಗಿ ಕೇಳಿ. ಆದಾಯ ಪ್ರಮಾಣಪತ್ರ ಕೊಟ್ಟಿದ್ದರೂ ಐದು ವರ್ಷದಲ್ಲಿ ಒಂದು ರೂಪಾಯಿ ಸಬ್ಸಿಡಿಯೂ ಬಂದಿಲ್ಲವೆಂದರೆ ಯಾವ ಯಾವ ವರ್ಷಕ್ಕೆ ಕ್ಲೇಮ್ ಸಲ್ಲಿಸಿದ್ದೀರಿ ಎಂದು ಶಾಖೆಯನ್ನು ಕೇಳುವ ಹಕ್ಕು ನಿಮಗಿದೆ.

ಆ ದಿನಕ್ಕೆ ಮುಂಚೆ ಮಾಡಬಹುದಾದದ್ದು

ಎಲ್ಲ ಲೆಕ್ಕ ಸರಿಯಿದ್ದರೂ ಮೊರಟೋರಿಯಂ ಮುಗಿಯುವ ಹಿಂದಿನ ವಾರಗಳಿಗೆ ಬೆಲೆ ಇದೆ. ಕೈಯಲ್ಲಿ 50,000 ರೂಪಾಯಿ ಇದ್ದರೆ ಅದನ್ನು 2026ರ ಜುಲೈನಲ್ಲಿ, ಬಡ್ಡಿ ಅಸಲಿಗೆ ಸೇರುವ ಮೊದಲು ಕಟ್ಟಿದರೆ ಅಸಲಿಗೆ ಸೇರುವ ಬಡ್ಡಿ ಅಷ್ಟು ಕಡಿಮೆಯಾಗಿ ಹತ್ತು ವರ್ಷದ ಇಎಂಐ ಸುಮಾರು 633 ರೂಪಾಯಿ ಇಳಿಯುತ್ತದೆ. ಆಗಸ್ಟಿನ ನಂತರ ಕಟ್ಟಿದರೂ ಹಣ ವ್ಯರ್ಥವಲ್ಲ. ಬದಲಾಗುವ ದರದ ಇಂಥ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಆದರೆ ಆಗ ಕಂತನ್ನು ಇಳಿಸಬೇಕೋ ಅವಧಿಯನ್ನು ಕುಗ್ಗಿಸಬೇಕೋ ಎಂದು ನೀವು ಬೇರೆಯಾಗಿ ಬರೆದುಕೊಡಬೇಕಾಗುತ್ತದೆ. ಓದುವ ಕಾಲದಲ್ಲೇ ತಿಂಗಳು ತಿಂಗಳು ಬಡ್ಡಿ ಕಟ್ಟಿದವರಿಗೆ ದರದಲ್ಲಿ ಶೇ 1 ರಿಯಾಯಿತಿ ಕೊಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಪೂರ್ತಿ ಬಡ್ಡಿ ಕಟ್ಟಿದ್ದರೆ, ಮಂಜೂರಾತಿ ಪತ್ರದಲ್ಲಿ ಆ ಸಾಲಿದ್ದರೆ, ರಿಯಾಯಿತಿ ಕೊಟ್ಟಿದ್ದಾರೆಯೇ ನೋಡಿ.

ತಪ್ಪು ಕಂಡರೆ

ಶಾಖೆಯಲ್ಲಿ ಬಾಯಿಮಾತಿನ ಜಗಳ ಬೇಡ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಲೆಕ್ಕವನ್ನು ಲಗತ್ತಿಸಿ. ಹೀಗೆ: "ಮಂಜೂರಾತಿ ಪತ್ರದ ಷರತ್ತಿನಂತೆ ನನ್ನ ಸಾಲಕ್ಕೆ ಕೋರ್ಸಿನ ಅವಧಿ ಹಾಗೂ ನಂತರ ಒಂದು ವರ್ಷ ಮೊರಟೋರಿಯಂ ಇದ್ದು, ಆ ಕಾಲಕ್ಕೆ ಸರಳಬಡ್ಡಿ ಅನ್ವಯಿಸುತ್ತದೆ. ಸ್ಟೇಟ್‌ಮೆಂಟಿನ ಪ್ರಕಾರ ಈ ಕೆಳಗಿನ ತಿಂಗಳುಗಳಲ್ಲಿ ಸಂಚಿತ ಬಡ್ಡಿಯ ಮೇಲೂ ಬಡ್ಡಿ ವಿಧಿಸಿದಂತೆ ಕಾಣುತ್ತದೆ. ದಯವಿಟ್ಟು ಬಡ್ಡಿಯನ್ನು ಮರುಲೆಕ್ಕ ಹಾಕಿ, ಮೊದಲ ಕಂತಿನ ದಿನಾಂಕ ಮತ್ತು ಇಎಂಐ ತಿದ್ದಿದ ವೇಳಾಪಟ್ಟಿಯನ್ನು ಕೊಡಬೇಕಾಗಿ ಕೋರುತ್ತೇನೆ." ಸಾಲದ ಖಾತೆ ಸಂಖ್ಯೆ, ನಿಮ್ಮ ಮತ್ತು ಸಹ-ಸಾಲಗಾರರ ಸಹಿ ಇರಲಿ. ಇನ್ನೊಂದು ಪ್ರತಿಗೆ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ. ಇಮೇಲ್ ಕಳಿಸಿದರೂ ನಡೆಯುತ್ತದೆ, ದೂರಿನ ಸಂಖ್ಯೆ ಮಾತ್ರ ಪಡೆಯಲೇಬೇಕು.

ತಕರಾರು ತೀರುವ ತನಕ ಕಂತು ನಿಲ್ಲಿಸಬೇಕೇ ಎಂದು ಬಹಳ ಜನ ಕೇಳುತ್ತಾರೆ. ತಗಾದೆ ಬಡ್ಡಿಯ ಮೊತ್ತದ್ದಾಗಿದ್ದು ಮೊರಟೋರಿಯಂ ನಿಜವಾಗಿ ಮುಗಿದಿದ್ದರೆ ಕಂತು ಕಟ್ಟುತ್ತಲೇ ದೂರು ನಡೆಸುವುದು ಲೇಸು. ಹೆಚ್ಚು ಕಟ್ಟಿದ್ದು ಮರುಲೆಕ್ಕದಲ್ಲಿ ವಾಪಸ್ ಜಮಾ ಆಗುತ್ತದೆ. ಕಟ್ಟದೆ ಬಿಟ್ಟರೆ ಸಿಬಿಲ್‌ನಲ್ಲಿ ಬೀಳುವ ಗುರುತು ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ಬಾಕಿ ಎಂದು ದಂಡ ಹಾಕಿದ್ದರೆ ಅದನ್ನೂ ನೋಡಿ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ದಂಡ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಜಾಲತಾಣದಲ್ಲಿ ದೂರು ಹಾಕಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಂಜೂರಾತಿ ಪತ್ರ, ಪೂರ್ತಿ ಸ್ಟೇಟ್‌ಮೆಂಟ್, ನಿಮ್ಮ ತಿಂಗಳವಾರು ಲೆಕ್ಕ, ಬ್ಯಾಂಕಿಗೆ ಕೊಟ್ಟ ಅರ್ಜಿಯ ಮುದ್ರೆಯಿರುವ ಪ್ರತಿ ಇಷ್ಟನ್ನು ಸ್ಕ್ಯಾನ್ ಮಾಡಿ ಸೇರಿಸಿ. ತಾರೀಕು ತಪ್ಪಿದ ಕಾರಣ ಸಿಬಿಲ್ ವರದಿಯಲ್ಲಿ ಬಾಕಿ ಎಂದು ಬಂದಿದ್ದರೆ ಆ ವರದಿಯ ತಿದ್ದುಪಡಿಗೆ ಬೇರೆಯಾಗಿಯೇ ದೂರು ಕೊಡಬೇಕು, ಬ್ಯಾಂಕು ಖಾತೆಯನ್ನು ಸರಿಪಡಿಸಿದ ಮಾತ್ರಕ್ಕೆ ಹಳೆಯ ತಿಂಗಳುಗಳ ಗುರುತು ಹೋಗಿರುವುದಿಲ್ಲ. 30 ದಿನದೊಳಗೆ ತಿದ್ದದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೇಳಲು ನಿಯಮವಿದೆ. ಸಹ-ಸಾಲಗಾರರ ವರದಿಗೂ ಪ್ರತ್ಯೇಕ ದೂರು ಬೇಕು.